ಎದೆಯ ಸ್ಕ್ಯಾನಿನ ಮಬ್ಬು ನೆರಳು: ಓದಿ ಓದಿ ಕಲಿತ ಪಾಠಗಳು

2021ರ ಏಪ್ರಿಲ್, ಮೇ ತಿಂಗಳಲ್ಲಿ ‘ಗ್ರೌಂಡ್ ಗ್ಲಾಸ್’ ಎಂಬ ಮಾತು ಕರ್ನಾಟಕದ ಮನೆಮನೆಗೂ ಹೊಕ್ಕಿತು. ಅಲ್ಲಿಯವರೆಗೆ ಅದು ನಮ್ಮಂಥ ರೇಡಿಯಾಲಜಿಸ್ಟರು ಮತ್ತು ಎದೆರೋಗ ತಜ್ಞರು ತಮ್ಮತಮ್ಮಲ್ಲೇ ಆಡಿಕೊಳ್ಳುವ ಮಾತಾಗಿತ್ತು. ಈಗ ಯಾವ ಕಾರಣಕ್ಕೆ ಎದೆಯ ಸಿ.ಟಿ. ಮಾಡಿಸಿದ್ದರೂ ವರದಿಯಲ್ಲಿ ಆ ಪದ ಕಂಡ ಕೂಡಲೇ ಮನೆಯವರು ಮೊಬೈಲ್ ಹಿಡಿದು ಬರುತ್ತಾರೆ. “ಡಾಕ್ಟ್ರೇ, ಗ್ಲಾಸ್ ಅಂತ ಬರೆದಿದ್ದಾರೆ, ಮತ್ತೆ ಕೋವಿಡ್ಡಾ?” ಹೆಚ್ಚಿನ ಸಲ ಅಲ್ಲ. ಹಾಗಾದರೆ ಏನು ಎಂಬ ಪ್ರಶ್ನೆಗೆ ಆ ನೆರಳೊಂದೇ ಉತ್ತರ ಕೊಡುವುದಿಲ್ಲ. ಕರಾವಳಿಯ ಆಸ್ಪತ್ರೆಯೊಂದರಲ್ಲಿ ಕೂತು ಇಂಥ ಸ್ಕ್ಯಾನುಗಳನ್ನು ಓದುತ್ತಾ ನಾನು ಕಲಿತದ್ದು ಇಷ್ಟು.

1. ಬೂದು ಬಣ್ಣ ಹೇಳುವುದು ಗಾಳಿಯ ಲೆಕ್ಕವನ್ನು ಮಾತ್ರ

ಸಿ.ಟಿ. ಯಂತ್ರಕ್ಕೆ ರೋಗ ಗೊತ್ತಿಲ್ಲ, ಸಾಂದ್ರತೆ ಗೊತ್ತು. ಅದನ್ನು ಹೌನ್ಸ್‌ಫೀಲ್ಡ್ ಎಂಬ ಮಾನದಲ್ಲಿ ಅಳೆಯುತ್ತದೆ. ಈ ಯಂತ್ರವನ್ನು ರೂಪಿಸಿ 1979ರಲ್ಲಿ ನೊಬೆಲ್ ಹಂಚಿಕೊಂಡ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ಅವರ ಹೆಸರೇ ಅದಕ್ಕಿದೆ. ನೀರಿಗೆ ಸೊನ್ನೆ, ಬರೀ ಗಾಳಿಗೆ ಮೈನಸ್ 1000. ಪೂರ್ತಿ ಉಸಿರು ಎಳೆದುಕೊಂಡ ಆರೋಗ್ಯವಂತ ಶ್ವಾಸಕೋಶ ಮೈನಸ್ 850ರ ಆಸುಪಾಸಿನಲ್ಲಿರುತ್ತದೆ. ಸ್ಥೂಲವಾಗಿ ಹೇಳುವುದಾದರೆ ಅಲ್ಲಿ 100ಕ್ಕೆ 85 ಪಾಲು ಗಾಳಿ, ಉಳಿದ 15 ಪಾಲು ಗೋಡೆ ಮತ್ತು ರಕ್ತ. ಅದೇ ಜಾಗ ಮೈನಸ್ 600 ತೋರಿಸಿದರೆ ಗಾಳಿ 60 ಪಾಲಿಗೆ ಇಳಿದಿದೆ ಎಂದರ್ಥ. ಪರದೆಯ ಮೇಲೆ ಆ ಭಾಗ ಮಸುಕು ಬೂದಾಗಿ, ಬಚ್ಚಲುಮನೆ ಕಿಟಕಿಯ ಮಬ್ಬು ಗಾಜಿನ ಹಾಗೆ ಕಾಣುತ್ತದೆ. ವರದಿಯಲ್ಲಿ ನಾವು ಗ್ರೌಂಡ್ ಗ್ಲಾಸ್ ಎನ್ನುವುದು ಇದನ್ನೇ.

ಈ ಲೆಕ್ಕದಲ್ಲಿ ಜನ ಗಮನಿಸದ ಸಂಗತಿಯೊಂದಿದೆ. ಮಬ್ಬಾದ ಜಾಗದಲ್ಲಿ ಇನ್ನೂ ಗಾಳಿಯೇ ಹೆಚ್ಚು. ಶ್ವಾಸಕೋಶ ‘ಬಿಳಿಯಾಗಿದೆ’ ಎಂದು ಕೇಳಿ ಅದು ಪೂರ್ತಿ ಹೋಯಿತೆಂದು ಕೈಚೆಲ್ಲುವವರಿಗೆ ನಾನು ಮೊದಲು ಹೇಳುವುದೇ ಇದನ್ನು. ಗಾಳಿ ಕಡಿಮೆಯಾಗಿದೆ, ಖಾಲಿಯಾಗಿಲ್ಲ.

ಕಡಿಮೆಯಾದ ಗಾಳಿಯ ಜಾಗಕ್ಕೆ ಏನು ಬಂತು? ಇಲ್ಲಿ ಯಂತ್ರ ಕೈಕಟ್ಟಿ ನಿಲ್ಲುತ್ತದೆ. ಒಂದು ಗಾಳಿಚೀಲದ ಅಡ್ಡಳತೆ ಸುಮಾರು 0.2 ಮಿ.ಮೀ. ನಮ್ಮ ಸ್ಕ್ಯಾನಿನ ಚಿತ್ರದ ಒಂದು ಚುಕ್ಕೆ ಸುಮಾರು 0.7 ಮಿ.ಮೀ. ಅಗಲದ್ದು, 1 ಮಿ.ಮೀ. ದಪ್ಪದ್ದು. ಅದರೊಳಗೆ ಹತ್ತಾರು ಗಾಳಿಚೀಲಗಳಿರುತ್ತವೆ, ಯಂತ್ರ ಅವೆಲ್ಲದರ ಸರಾಸರಿ ತೆಗೆದು ಒಂದೇ ಬೂದು ಬಣ್ಣ ಕೊಡುತ್ತದೆ. ಹಾಗಾಗಿ ಪ್ರತಿ ಗಾಳಿಚೀಲದಲ್ಲೂ ಸ್ವಲ್ಪ ಸ್ವಲ್ಪ ನೀರು ನಿಂತಿರಬಹುದು. ಕೆಲವು ಪೂರ್ತಿ ತುಂಬಿ ಕೆಲವು ಖಾಲಿ ಇರಬಹುದು. ಒಳಗೆ ಏನೂ ತುಂಬದೆ ಉರಿಯೂತದಿಂದ ಗೋಡೆಗಳಷ್ಟೇ ದಪ್ಪವಾಗಿರಬಹುದು. ಚೀಲಗಳು ಅರೆಬರೆ ಮುದುಡಿರಬಹುದು, ಸುತ್ತಲಿನ ಸೂಕ್ಷ್ಮ ರಕ್ತನಾಳಗಳಲ್ಲಿ ರಕ್ತ ಹೆಚ್ಚಿರಬಹುದು. ಐದಕ್ಕೂ ಪರದೆಯ ಮೇಲೆ ಒಂದೇ ಬೂದು. ಆ ಬೂದನ್ನೇ ಎಷ್ಟು ಹೊತ್ತು ದಿಟ್ಟಿಸಿದರೂ ನೀರೋ, ಕೀವೋ, ರಕ್ತವೋ ತಿಳಿಯುವುದಿಲ್ಲ. ಉತ್ತರವನ್ನು ಬೇರೆ ಕಡೆ ಹುಡುಕಬೇಕು. ಮುಂದಿನ ಪಾಠಗಳೆಲ್ಲ ಆ ಹುಡುಕಾಟದವು.

2. ರಕ್ತನಾಳ ಕಾಣುತ್ತಿದೆಯೇ ನೋಡಿ

ಮಬ್ಬಿನೊಳಗೆ ರಕ್ತನಾಳಗಳ ಅಂಚು ಕಾಣುತ್ತಿದ್ದರೆ ಅದು ಗ್ರೌಂಡ್ ಗ್ಲಾಸ್. ಅಂಚು ಅಳಿಸಿಹೋಗಿದ್ದರೆ ಅದು ಗಟ್ಟಿಯಾದ ಭಾಗ, ಕನ್ಸಾಲಿಡೇಶನ್. ಎದೆಯ ಚಿತ್ರಗಳ ಪರಿಭಾಷೆಯನ್ನು ಒಪ್ಪ ಮಾಡಿದ ಫ್ಲೀಷ್ನರ್ ಸೊಸೈಟಿ ಇಟ್ಟುಕೊಂಡಿರುವ ಗೆರೆಯೂ ಇದೇ.

ಕಾರಣ ಸರಳ. ರಕ್ತದ ಸಾಂದ್ರತೆ ಸುಮಾರು ಪ್ಲಸ್ 40. ಸುತ್ತಲಿನ ಶ್ವಾಸಕೋಶ ಮೈನಸ್ 600ರಲ್ಲಿ ಇರುವವರೆಗೆ ನಾಳ ಎದ್ದು ಕಾಣುತ್ತದೆ. ಗಾಳಿಚೀಲಗಳು ಪೂರ್ತಿ ತುಂಬಿ ಸುತ್ತಲಿನ ಸಾಂದ್ರತೆ ರಕ್ತದ ಮಟ್ಟಕ್ಕೇ ಏರಿದಾಗ ನಾಳ ಅದರಲ್ಲಿ ಕರಗಿ ಹೋಗುತ್ತದೆ. ಗಾಳಿಯಿರುವ ಶ್ವಾಸನಾಳ ಮಾತ್ರ ಕಪ್ಪು ಕೊಂಬೆಗಳಾಗಿ ಉಳಿಯುತ್ತದೆ. ನಿನ್ನೆ ಮಬ್ಬಾಗಿದ್ದದ್ದು ಇವತ್ತು ಗಟ್ಟಿಯಾಗಿದೆ ಎಂದರೆ ರೋಗದ ಹೆಸರು ಬದಲಾಗಿದೆ ಎಂದಲ್ಲ, ತುಂಬುವಿಕೆ ಮುಂದುವರಿದಿದೆ ಎಂದು.

ಎರಡೂ ಶ್ವಾಸಕೋಶ ಒಂದೇ ಸಮ ಮಬ್ಬಾಗಿದ್ದರೆ ಕಣ್ಣು ಮೋಸ ಹೋಗುತ್ತದೆ. ಹೋಲಿಸಿ ನೋಡಲು ಆರೋಗ್ಯವಾದ ಭಾಗವೇ ಅಲ್ಲಿರುವುದಿಲ್ಲ. ಆಗ ನಾನು ಶ್ವಾಸನಾಳದೊಳಗಿನ ಕಪ್ಪನ್ನು ನೋಡುತ್ತೇನೆ. ಸಹಜ ಸ್ಥಿತಿಯಲ್ಲಿ ನಾಳದೊಳಗಿನ ಗಾಳಿಗೂ ಹೊರಗಿನ ಶ್ವಾಸಕೋಶಕ್ಕೂ ಬಣ್ಣದಲ್ಲಿ ಅಂಥ ಅಂತರವಿರುವುದಿಲ್ಲ. ನಾಳಗಳು ಅತಿಯಾಗಿ ಕಪ್ಪಾಗಿ ಎದ್ದು ಕಂಡರೆ ಸುತ್ತಲಿನದು ಬೆಳ್ಳಗಾಗಿದೆ ಎಂದೇ ಅರ್ಥ. ಎಚ್‌ಐವಿ ಇರುವವರಲ್ಲಿ, ಸಿಡಿ4 ಎಣಿಕೆ 200ಕ್ಕಿಂತ ಕೆಳಗಿಳಿದಾಗ ಬರುವ ನ್ಯುಮೋಸಿಸ್ಟಿಸ್ ಸೋಂಕಿನಲ್ಲಿ ಇದನ್ನು ಕಾಣಬಹುದು. ಎಕ್ಸ್-ರೇ ಹೆಚ್ಚು ಕಡಿಮೆ ಸರಿಯಾಗಿಯೇ ಇರುತ್ತದೆ, ರೋಗಿಯನ್ನು ನಾಲ್ಕು ಹೆಜ್ಜೆ ನಡೆಸಿದರೆ ಆಕ್ಸಿಜನ್ ಇಳಿಯುತ್ತದೆ, ಸ್ಕ್ಯಾನಿನಲ್ಲಿ ಎಲ್ಲವೂ ಸಮನಾಗಿ ಮಸುಕಾಗಿರುತ್ತದೆ.

3. ರೋಗ ಎನ್ನುವ ಮೊದಲು ಉಸಿರು ಮತ್ತು ಮೈ ಹೇಗಿತ್ತು ಎಂದು ಕೇಳಿ

ಅರ್ಧ ಉಸಿರಿನಲ್ಲಿ ತೆಗೆದ ಸ್ಕ್ಯಾನ್ ಪೂರಾ ಮಬ್ಬಾಗಿಯೇ ಬರುತ್ತದೆ. ಗಾಳಿಯನ್ನು ಹೊರಬಿಟ್ಟ ಶ್ವಾಸಕೋಶದಲ್ಲಿ ಗಾಳಿ ಕಡಿಮೆ, ಅಷ್ಟೇ. ದಮ್ಮು ಕಟ್ಟಿದವರಿಗೆ, ವಯಸ್ಸಾದವರಿಗೆ, ಟೆಕ್ನಿಷಿಯನ್ ಹೇಳಿದ ಭಾಷೆ ತಿಳಿಯದವರಿಗೆ “ಉಸಿರೆಳೆದು ಹಿಡಿಯಿರಿ” ಎಂಬುದನ್ನು ಪಾಲಿಸಲು ಆಗುವುದಿಲ್ಲ. ಇದನ್ನು ಪತ್ತೆ ಹಚ್ಚಲು ಮುಖ್ಯ ಉಸಿರ್ನಾಳವನ್ನು ನೋಡಬೇಕು. ಅದರ ಹಿಂಬದಿಯ ಗೋಡೆ ಮೃದು. ಉಸಿರು ಎಳೆದಾಗ ಅದು ಹಿಂದಕ್ಕೆ ಉಬ್ಬಿ ನಾಳ ದುಂಡಗಾಗಿರುತ್ತದೆ, ಬಿಟ್ಟಾಗ ಒಳಕ್ಕೆ ಬಾಗಿ ಅರ್ಧಚಂದ್ರದ ಆಕಾರ ತಾಳುತ್ತದೆ. ನಾಳ ಹಾಗೆ ಬಾಗಿದ್ದು, ಶ್ವಾಸಕೋಶ ಎಲ್ಲೆಡೆ ಮಬ್ಬಾಗಿದ್ದರೆ, ನಾನು ವರದಿ ಬರೆಯುವ ಮೊದಲು ಟೆಕ್ನಿಷಿಯನ್‌ಗೆ ಫೋನ್ ಮಾಡುತ್ತೇನೆ.

ಇನ್ನೊಂದು, ಬೆನ್ನಿನ ಕಡೆಯ ಮಬ್ಬು. ಅಂಗಾತ ಮಲಗಿದಾಗ ಶ್ವಾಸಕೋಶದ ಭಾರವೆಲ್ಲ ಹಿಂಭಾಗದ ಮೇಲೆ ಬೀಳುತ್ತದೆ, ಅಲ್ಲಿನ ಗಾಳಿಚೀಲಗಳು ಮುದುಡುತ್ತವೆ. ಅಂಚಿನಲ್ಲಿ ತೆಳುವಾದ ಬೂದು ಪಟ್ಟಿ ಮೂಡುತ್ತದೆ. ಅದು ರೋಗವೋ ಭಾರವೋ ಎಂಬ ಅನುಮಾನ ಬಂದರೆ ರೋಗಿಯನ್ನು ಬೋರಲು ಮಲಗಿಸಿ ಆ ಭಾಗವನ್ನಷ್ಟೇ ಮತ್ತೆ ತೆಗೆದರೆ ಸಾಕು. ಭಾರದ್ದಾದರೆ ಮಾಯವಾಗುತ್ತದೆ, ರೋಗದ್ದಾದರೆ ಉಳಿಯುತ್ತದೆ. ಸ್ಕ್ಲೀರೋಡರ್ಮಾದಂಥ ಕಾಯಿಲೆಯಲ್ಲಿ ಶ್ವಾಸಕೋಶ ಕೆಡುವುದು ಇದೇ ಜಾಗದಿಂದ. ಈ ಐದು ನಿಮಿಷದ ಪರೀಕ್ಷೆಯನ್ನು ಬಿಟ್ಟುಕೊಟ್ಟು ‘ಆರಂಭಿಕ ಬದಲಾವಣೆ ಇರಬಹುದು’ ಎಂದು ಬರೆಯುವುದು ಸೋಮಾರಿತನ ಎಂದೇ ನನ್ನ ಅಭಿಪ್ರಾಯ.

ಇನ್ನು ಚಿತ್ರದ ದಪ್ಪ. 5 ಮಿ.ಮೀ. ದಪ್ಪದ ಚಿತ್ರದಲ್ಲಿ ಗಟ್ಟಿಯಾದ ಸಣ್ಣ ಗಂಟೂ ಸುತ್ತಲಿನ ಗಾಳಿಯೊಂದಿಗೆ ಸರಾಸರಿಯಾಗಿ ಮಬ್ಬಾಗಿ ಕಾಣುತ್ತದೆ. 1 ರಿಂದ 1.5 ಮಿ.ಮೀ. ಚಿತ್ರಗಳಿಲ್ಲದೆ ಈ ವಿಷಯದಲ್ಲಿ ಬಾಯಿ ಬಿಡಬಾರದು.

4. ಬಿಳಿಯದು ಕೆಟ್ಟದ್ದೋ, ಕಪ್ಪಾದದ್ದೋ?

ಶ್ವಾಸಕೋಶದಲ್ಲಿ ಬೂದು ತೇಪೆ, ಕಪ್ಪು ತೇಪೆ ಬೆರೆತುಕೊಂಡಿದ್ದರೆ ಎಲ್ಲರ ಬೆರಳೂ ಬೂದಿನತ್ತ ಹೋಗುತ್ತದೆ. ಕೆಲವು ಸಲ ಬೂದು ಭಾಗ ಸರಿಯಾಗಿದ್ದು, ಕಪ್ಪು ಭಾಗದಲ್ಲೇ ತೊಂದರೆ ಇರುತ್ತದೆ. ಅಲ್ಲಿ ಸಣ್ಣ ಶ್ವಾಸನಾಳಗಳು ಕಿರಿದಾಗಿ ಗಾಳಿ ಒಳಗೇ ಸಿಕ್ಕಿಬಿದ್ದಿರುತ್ತದೆ, ಇಲ್ಲವೇ ರಕ್ತನಾಳ ಮುಚ್ಚಿ ರಕ್ತ ಕಡಿಮೆಯಾಗಿರುತ್ತದೆ. ಕಪ್ಪು ಭಾಗದ ರಕ್ತನಾಳಗಳು ಬೂದು ಭಾಗದವಕ್ಕಿಂತ ಸಣಕಲಾಗಿದ್ದರೆ ಕಪ್ಪೇ ರೋಗ. ಎರಡರಲ್ಲೂ ಒಂದೇ ದಪ್ಪವಿದ್ದರೆ ಬೂದೇ ರೋಗ. ಅನುಮಾನವಿದ್ದರೆ ಉಸಿರು ಬಿಡಿಸಿ ಇನ್ನೊಮ್ಮೆ ತೆಗೆಯಬೇಕು. ಗಾಳಿ ಸಿಕ್ಕಿಬಿದ್ದ ಜಾಗ ಆಗಲೂ ಕಪ್ಪಾಗಿಯೇ ಉಳಿಯುತ್ತದೆ, ಉಳಿದದ್ದು ಬೆಳ್ಳಗಾಗುತ್ತದೆ.

ಎರಡೂ ಒಟ್ಟಿಗೆ ಇರುವ ಕಾಯಿಲೆಯೂ ಇದೆ. ಬೆಂಗಳೂರಿನಲ್ಲಿ ಅಪಾರ್ಟ್‌ಮೆಂಟ್ ವಾಸಿಯಾದ ಮಹಿಳೆಯೊಬ್ಬರು ರಜೆಗೆಂದು ತವರಿಗೆ ಬಂದಾಗ ನಮ್ಮಲ್ಲಿ ಸ್ಕ್ಯಾನ್ ಮಾಡಿಸಿದ್ದರು. ತಿಂಗಳುಗಟ್ಟಲೆ ಒಣಕೆಮ್ಮು, ಮೆಟ್ಟಿಲು ಹತ್ತಿದರೆ ಏದುಸಿರು, ಇನ್‌ಹೇಲರ್‌ನಿಂದ ಪ್ರಯೋಜನವಿಲ್ಲ. ಮೇಲಿನ ಮತ್ತು ನಡುವಿನ ಭಾಗಗಳಲ್ಲಿ ಅಂಚು ಮಸುಕಾದ ಪುಟ್ಟ ಪುಟ್ಟ ಬೂದು ಚುಕ್ಕೆಗಳು, ಅವುಗಳ ನಡುವೆ ಅಲ್ಲಲ್ಲಿ ಕಪ್ಪು ತೇಪೆ. ಉಸಿರು ಬಿಡಿಸಿದಾಗಲೂ ಆ ತೇಪೆಗಳು ಕಪ್ಪಾಗಿಯೇ ಉಳಿದವು. ಉಸಿರಿನೊಂದಿಗೆ ಒಳಹೋದ ಯಾವುದಕ್ಕೋ ಶ್ವಾಸಕೋಶ ಸಿಡಿಮಿಡಿಗೊಂಡಾಗ ಮೂಡುವ ಚಿತ್ರ ಇದು. ಸಣ್ಣ ನಾಳಗಳ ಸುತ್ತ ಉರಿಯೂತವಾಗುವುದರಿಂದ ಚುಕ್ಕೆ ಮೂಡುತ್ತದೆ, ಅದೇ ನಾಳ ಕಿರಿದಾಗುವುದರಿಂದ ಗಾಳಿ ಸಿಕ್ಕಿಬೀಳುತ್ತದೆ. “ಮನೆಯಲ್ಲಿ ಹಕ್ಕಿ ಸಾಕಿದ್ದೀರಾ?” ಎಂದೆ. “ಇಲ್ಲ ಮೇಡಂ” ಎಂದರು. ಜೊತೆಗಿದ್ದ ಮಗಳು ನಡುವೆ ಬಾಯಿ ಹಾಕಿದಳು: “ಅಮ್ಮಾ, ಬಾಲ್ಕನೀಲಿ ಪಾರಿವಾಳ ಇದಾವಲ್ಲ, ಎ.ಸಿ. ಡಬ್ಬದ ಹಿಂದೆ.” ಅವನ್ನು ಸಾಕಿದ್ದಲ್ಲವಾದ್ದರಿಂದ ತಾಯಿಗೆ ಲೆಕ್ಕಕ್ಕೇ ಬಂದಿರಲಿಲ್ಲ. ಮುಂದಿನ ಪರೀಕ್ಷೆಗಳನ್ನು ಎದೆರೋಗ ತಜ್ಞರು ನಡೆಸಿ ಪಾರಿವಾಳದ ಹಿಕ್ಕೆ, ಪುಕ್ಕದ ದೂಳಿನಿಂದ ಬಂದದ್ದು ಎಂದು ಖಚಿತಪಡಿಸಿದರು. ಈ ಕಾಯಿಲೆಯಲ್ಲಿ ಔಷಧಕ್ಕಿಂತ ಮೊದಲ ಕೆಲಸ ಆ ದೂಳಿನಿಂದ ದೂರವಾಗುವುದು. ವರ್ಷಗಟ್ಟಲೆ ಹಾಗೇ ಬಿಟ್ಟರೆ ಮಬ್ಬು ಹೋಗಿ ಕಲೆ ಕಟ್ಟುತ್ತದೆ, ಆಮೇಲೆ ಅದು ಮರಳುವುದಿಲ್ಲ.

5. ಎಲ್ಲಿದೆ, ಯಾರ ಜೊತೆಗಿದೆ

ಕಾರಣ ಹುಡುಕುವಾಗ ನಾನು ಬೂದಿನ ಗಾಢತೆಗಿಂತ ಅದು ಕುಳಿತ ಜಾಗಕ್ಕೆ ಹೆಚ್ಚು ಬೆಲೆ ಕೊಡುತ್ತೇನೆ. ಹೃದಯ ಸೋತು ಶ್ವಾಸಕೋಶಕ್ಕೆ ನೀರು ಬಂದದ್ದನ್ನೇ ತೆಗೆದುಕೊಳ್ಳಿ. ಶ್ವಾಸಕೋಶದ ಸೂಕ್ಷ್ಮ ರಕ್ತನಾಳಗಳ ಒತ್ತಡ 18 ಮಿ.ಮೀ. ಪಾದರಸದ ಆಸುಪಾಸು ದಾಟಿದಾಗ ನೀರು ಮೊದಲು ಸೋರುವುದು ಗಾಳಿಚೀಲಕ್ಕಲ್ಲ, ಚೀಲಗಳ ಗೊಂಚಲುಗಳ ನಡುವಿನ ಪೊರೆಗಳಿಗೆ. ಆಗ ಅಂಚಿನಲ್ಲಿ ನಯವಾದ ಸಣ್ಣ ಗೆರೆಗಳು ಮೂಡುತ್ತವೆ. ಒತ್ತಡ 25 ದಾಟಿದ ಮೇಲೆ ಚೀಲಗಳೊಳಕ್ಕೂ ನೀರು ನುಗ್ಗಿ ಮಬ್ಬು ಬರುತ್ತದೆ. ಆದ್ದರಿಂದ ಈ ಮಬ್ಬು ಒಂಟಿಯಾಗಿ ಬರುವುದು ಕಡಿಮೆ. ಜೊತೆಗೆ ಗೆರೆಗಳಿರುತ್ತವೆ, ದೊಡ್ಡ ಹೃದಯವಿರುತ್ತದೆ, ಎದೆಗೂಡಿನಲ್ಲಿ ಎರಡೂ ಕಡೆ ನೀರು ನಿಂತಿರುತ್ತದೆ. ಮಬ್ಬು ಶ್ವಾಸಕೋಶದ ನಡುಭಾಗದಲ್ಲಿ ಮತ್ತು ಕೆಳಗಡೆ ದಟ್ಟ, ಹೊರ ಅಂಚಿನಲ್ಲಿ ತೆಳು.

ಕೋವಿಡ್ ಇದಕ್ಕೆ ತದ್ವಿರುದ್ಧ. ಹೊರ ಅಂಚಿನಲ್ಲಿ, ಹಿಂಭಾಗದಲ್ಲಿ, ಕೆಳಗಡೆ, ಎರಡೂ ಕಡೆ ತೇಪೆ ತೇಪೆಯಾಗಿ ಇರುತ್ತಿತ್ತು. ಎದೆಗೂಡಿನಲ್ಲಿ ನೀರು ಅಪರೂಪ. 2021ರಲ್ಲಿ ಜ್ವರವೂ ಇಲ್ಲದ, ರಾತ್ರಿ ಮಲಗಿದರೆ ಉಸಿರು ಕಟ್ಟುತ್ತದೆ ಎನ್ನುವ ವೃದ್ಧರನ್ನು ಕೋವಿಡ್ ವಾರ್ಡಿಗೆ ಸೇರಿಸಲು ಹೊರಟಿದ್ದನ್ನು ಈ ಒಂದೇ ವ್ಯತ್ಯಾಸದಿಂದ ತಡೆಯಲು ಸಾಧ್ಯವಾಗುತ್ತಿತ್ತು. ಅವರಿಗೆ ಬೇಕಿದ್ದದ್ದು ಮೂತ್ರ ಹೆಚ್ಚಿಸುವ ಚುಚ್ಚುಮದ್ದು ಮತ್ತು ಎಕೋ ಪರೀಕ್ಷೆ.

ಇಷ್ಟಾಗಿಯೂ ಜಾಗ ಎಂಬುದು ಸುಳಿವು, ಸಾಕ್ಷಿಯಲ್ಲ. ಕೋವಿಡ್‌ನಂತೆಯೇ ಅಂಚು ಹಿಡಿದು ಬರುವ ಮಬ್ಬು ಬೇರೆ ವೈರಸ್‌ಗಳಿಂದಲೂ, ಕೆಲವು ಔಷಧಗಳಿಂದಲೂ ಬರುತ್ತದೆ. ಹೃದಯದ ಬಡಿತ ಸರಿಪಡಿಸಲು ಕೊಡುವ ಅಮಿಯೋಡರೋನ್, ಮೂತ್ರದ ಸೋಂಕಿಗೆ ಕೊಡುವ ನೈಟ್ರೋಫುರಂಟಾಯಿನ್, ಕೀಲುವಾತಕ್ಕೆ ಕೊಡುವ ಮೆಥೋಟ್ರೆಕ್ಸೇಟ್ ಇವೆಲ್ಲ ಶ್ವಾಸಕೋಶವನ್ನು ಮಬ್ಬು ಮಾಡಬಲ್ಲವು. ಮಾತ್ರೆಗಳ ಪಟ್ಟಿ ಕೈಯಲ್ಲಿರದೆ ಇದನ್ನು ಊಹಿಸಲೂ ಆಗದು.

6. ಮಳೆಗಾಲದ ಒಂದು ಸ್ಕ್ಯಾನ್

ಈ ಪಾಠವನ್ನು ಒಬ್ಬ ರೋಗಿಯ ಮೂಲಕವೇ ಹೇಳಬೇಕು. ಜುಲೈ ತಿಂಗಳು, ನೇಜಿ ನೆಡುವ ಹೊತ್ತು. ಗದ್ದೆ ಕೆಲಸ ಮಾಡುವ, ನಲವತ್ತರ ಆಸುಪಾಸಿನ ಗಂಡಸು. ಆರು ದಿನದ ಜ್ವರ, ಮೀನಖಂಡದಲ್ಲಿ ಮುಟ್ಟಿಸಿಕೊಳ್ಳಲಾಗದ ನೋವು, ಕೆಂಪಡರಿದ ಕಣ್ಣು. ಐದನೇ ದಿನದಿಂದ ಕೆಮ್ಮು, ಆರನೇ ದಿನ ಕಫದಲ್ಲಿ ರಕ್ತದ ಗೆರೆ. ಆಕ್ಸಿಜನ್ ಶೇಕಡಾ 86. ಪ್ಲೇಟ್‌ಲೆಟ್ 48,000, ಕ್ರಿಯಾಟಿನಿನ್ 3.1. ವಾರ್ಡಿನ ಕಿರಿಯ ಫಿಸಿಷಿಯನ್ ಫೋನ್ ಮಾಡಿದರು: “ಮೇಡಂ, ಕಿಡ್ನಿ ಕೆಟ್ಟಿದೆ, ಡ್ರಿಪ್ಪೂ ಹೋಗಿದೆ. ಲಂಗ್ಸಿಗೆ ನೀರು ಬಂದಿರಬೇಕು, ಅಲ್ವಾ? ಡಯಾಲಿಸಿಸ್‌ಗೆ ಹಾಕೋಣವಾ ಅಂತ ನೋಡ್ತಿದ್ದೇವೆ.”

ಸ್ಕ್ಯಾನಿನಲ್ಲಿ ಎರಡೂ ಶ್ವಾಸಕೋಶಗಳಲ್ಲಿ ನಡುವಿನಿಂದ ಕೆಳಗಿನವರೆಗೆ ತೇಪೆ ತೇಪೆಯಾದ ಮಬ್ಬು. ಕೆಲವೆಡೆ ಅದು ಗಟ್ಟಿಯಾಗಿ ನಾಳಗಳು ಮುಳುಗಿದ್ದವು. ಹೊರ ಅಂಚು ಬಹುಮಟ್ಟಿಗೆ ಉಳಿದಿತ್ತು. ಅಂಚು ಉಳಿದಿದೆ ಎಂಬುದೊಂದನ್ನೇ ಹಿಡಿದರೆ ನೀರು ಎನ್ನಬಹುದಿತ್ತು. ಆದರೆ ನೀರಿನ ಜೊತೆಗಾರರು ಯಾರೂ ಇರಲಿಲ್ಲ. ಹೃದಯದ ಗಾತ್ರ ಸರಿಯಾಗಿತ್ತು, ಎದೆಗೂಡಿನಲ್ಲಿ ನೀರಿರಲಿಲ್ಲ, ಪೊರೆಗಳಲ್ಲಿ ಗೆರೆಗಳಿರಲಿಲ್ಲ, ಹೃದಯಕ್ಕೆ ಬರುವ ದೊಡ್ಡ ಅಭಿಧಮನಿ ಉಬ್ಬಿರಲಿಲ್ಲ. ಮೈತುಂಬಾ ನೀರು ಹೆಚ್ಚಾಗಿ ಗಾಳಿಚೀಲದವರೆಗೆ ನುಗ್ಗಿದ್ದರೆ, ದಾರಿಯಲ್ಲಿರುವ ಪೊರೆಗಳು ಒಣಗಿರುವುದು ಹೇಗೆ?

ಮೂರು ಪ್ರಶ್ನೆ ಕೇಳಿದೆ. ಮೂತ್ರ ಎಷ್ಟು ಹೋಗುತ್ತಿದೆ? ದಿನಕ್ಕೆ ಒಂದೂವರೆ ಲೀಟರ್. ಪೊಟ್ಯಾಸಿಯಮ್ ಎಷ್ಟು? 3.2. ಹಿಮೋಗ್ಲೋಬಿನ್? ಸೇರಿದ ದಿನ 12.8, ಅಂದು ಬೆಳಗ್ಗೆ 9.6. ವಾಂತಿಯಲ್ಲಾಗಲಿ ಮಲದಲ್ಲಾಗಲಿ ರಕ್ತ ಹೋಗಿರಲಿಲ್ಲ. ಕಿಡ್ನಿ ಕೆಟ್ಟಿದ್ದರೂ ಮೂತ್ರ ಹೋಗುತ್ತಿದೆ, ಪೊಟ್ಯಾಸಿಯಮ್ ಏರುವ ಬದಲು ಇಳಿದಿದೆ. ಇದು ಇಲಿಜ್ವರದ, ಅಂದರೆ ಲೆಪ್ಟೊಸ್ಪೈರೋಸಿಸ್‌ನ, ಕಿಡ್ನಿ ನಡೆದುಕೊಳ್ಳುವ ರೀತಿ. ಎರಡು ದಿನದೊಳಗೆ ಮಾಯವಾದ ಮೂರು ಗ್ರಾಂ ಹಿಮೋಗ್ಲೋಬಿನ್ ಎಲ್ಲಿಗೆ ಹೋಯಿತು ಎಂಬುದಕ್ಕೆ ಸ್ಕ್ಯಾನೇ ಉತ್ತರ. ಡ್ರಿಪ್ಪಿನಿಂದ ರಕ್ತ ತೆಳುವಾಗಿ ಸ್ವಲ್ಪ ಇಳಿದಿರಬಹುದು, ಅಷ್ಟೊಂದು ಅಲ್ಲ. ಗಾಳಿಚೀಲಗಳಲ್ಲಿ ನಿಂತದ್ದು ನೀರಲ್ಲ, ರಕ್ತ. ಕಫದಲ್ಲಿ ಕಂಡ ಗೆರೆಯನ್ನು ನೋಡಿ ಇದನ್ನು ಅಳೆಯಬಾರದು. ಶ್ವಾಸಕೋಶದೊಳಗೆ ಸಾಕಷ್ಟು ರಕ್ತ ಸೋರಿದ್ದರೂ ಬಾಯಿಗೆ ಬರುವುದು ಅತ್ಯಲ್ಪ, ಕೆಲವರಲ್ಲಿ ಏನೂ ಬರುವುದಿಲ್ಲ.

ವರದಿಯಲ್ಲಿ ‘ಗಾಳಿಚೀಲಗಳಲ್ಲಿ ರಕ್ತಸ್ರಾವ ಆಗಿರುವ ಸಾಧ್ಯತೆ ಹೆಚ್ಚು, ಈ ಋತು, ಈ ಕೆಲಸ ನೋಡಿದರೆ ಇಲಿಜ್ವರವನ್ನು ಮೊದಲು ಯೋಚಿಸಿ’ ಎಂದು ಬರೆದೆ. ಎಚ್1ಎನ್1 ಅಲ್ಲಿಗೆ ಕೈಬಿಟ್ಟಂತಾಗಲಿಲ್ಲ, ಅದರ ಗಂಟಲು ಪರೀಕ್ಷೆಗೂ ಹೇಳಿದೆ. ಡೆಂಗಿಯಲ್ಲೂ ಪ್ಲೇಟ್‌ಲೆಟ್ ಇಳಿಯುತ್ತದೆ. ಆದರೆ ಅದರಲ್ಲಿ ನಾಳಗಳಿಂದ ನೀರಿನಂಶ ಸೋರಿ ಎದೆಗೂಡು, ಹೊಟ್ಟೆಯಲ್ಲಿ ನಿಲ್ಲುವುದು ಸಾಮಾನ್ಯ, ಉಳಿದ ರಕ್ತ ಮಂದವಾಗುತ್ತದೆ. ಇವರಲ್ಲಿ ಎರಡೂ ಇರಲಿಲ್ಲ. ಮೂರನೇ ದಿನ ಬೇರೆಲ್ಲೋ ಮಾಡಿಸಿದ್ದ ಇಲಿಜ್ವರದ ಐಜಿಎಂ ಪರೀಕ್ಷೆ ನೆಗೆಟಿವ್ ಬಂದಿತ್ತು. ಅದಕ್ಕೆ ಬೆಲೆಯಿಲ್ಲ, ಯಾಕೆಂದರೆ ಐಜಿಎಂ ರಕ್ತದಲ್ಲಿ ಕಾಣಿಸಿಕೊಳ್ಳಲು ಐದರಿಂದ ಏಳು ದಿನ ಬೇಕು. ಪರೀಕ್ಷೆಗೆ ಕಾಯದೆ ಅಂದೇ ಪೆನಿಸಿಲಿನ್ ಶುರುವಾಯಿತು. ಡಯಾಲಿಸಿಸ್ ಮುಂದಕ್ಕೆ ಹೋಯಿತು. ಮುಖಕ್ಕೆ ಮಾಸ್ಕ್ ಕಟ್ಟಿ ಒತ್ತಡದಲ್ಲಿ ಆಕ್ಸಿಜನ್ ಕೊಟ್ಟರು. ಎಂಟನೇ ದಿನದ ಐಜಿಎಂ ಪಾಸಿಟಿವ್ ಬಂತು.

ಸ್ಕ್ಯಾನ್ ಆದ ಸಂಜೆಯೇ ಶ್ವಾಸನಾಳಕ್ಕೆ ದುರ್ಬೀನು ಇಳಿಸಿ, ಉಪ್ಪುನೀರು ಹಾಯಿಸಿ ಹಿಂದಕ್ಕೆಳೆದು ನೋಡುವ ಯೋಚನೆಯೂ ಇತ್ತು. ಪ್ರತಿ ಸಲ ಬರುವ ನೀರು ಇನ್ನಷ್ಟು ಕೆಂಪಾಗುತ್ತಾ ಹೋದರೆ ರಕ್ತಸ್ರಾವ ಖಚಿತ. ಅವರ ಆಕ್ಸಿಜನ್ ಮಟ್ಟಕ್ಕೆ ಅದು ಅಪಾಯವಾಗಿದ್ದರಿಂದ ಕೈಬಿಟ್ಟರು. ಹಾಗಾಗಿ ರಕ್ತ ಎಂದದ್ದು ಕಣ್ಣಾರೆ ಕಂಡು ಹೇಳಿದ್ದಲ್ಲ, ಕೂಡಿಸಿ ಕಳೆದು ಹೇಳಿದ್ದು. ಮುಂದೆ ನಡೆದದ್ದು ಅದಕ್ಕೆ ಹೊಂದಿತು. ಒಂದು ವಾರದ ನಂತರದ ಸ್ಕ್ಯಾನಿನಲ್ಲಿ ಮಬ್ಬು ಅರ್ಧಕ್ಕಿಂತ ಕಡಿಮೆಯಾಗಿತ್ತು, ಉಳಿದ ಮಬ್ಬಿನೊಳಗೆ ಸಣ್ಣ ಗೆರೆಗಳ ಜಾಲ ಮೂಡಿತ್ತು. ಚೀಲದಲ್ಲಿ ನಿಂತ ರಕ್ತವನ್ನು ತಿಂದು ಸ್ವಚ್ಛ ಮಾಡುವ ಕಣಗಳು ಅದನ್ನು ಪೊರೆಗಳ ಮೂಲಕ ಹೊರಸಾಗಿಸುವಾಗ ಹೀಗಾಗುತ್ತದೆ. ಮೊದಲ ದಿನ ಇರಬೇಕಿದ್ದು ಇಲ್ಲದ ಗೆರೆಗಳು, ಗುಣವಾಗುವ ಹೊತ್ತಿಗೆ ಬಂದವು. ನೀರಿನಲ್ಲಿ ಮೊದಲು ಗೆರೆ, ಆಮೇಲೆ ಮಬ್ಬು. ರಕ್ತದಲ್ಲಿ ಮೊದಲು ಮಬ್ಬು, ಆಮೇಲೆ ಗೆರೆ.

7. ಮಬ್ಬಿಗೂ ಒಂದು ಗಡಿಯಾರವಿದೆ

ಒಂದೇ ಸ್ಕ್ಯಾನಿನಲ್ಲಿ ಬಗೆಹರಿಯದ್ದು ಎರಡನೆಯದರಲ್ಲಿ ಬಗೆಹರಿಯುತ್ತದೆ. ಹೃದಯದ ನೀರು ಸರಿಯಾದ ಚಿಕಿತ್ಸೆಗೆ ಒಂದೆರಡು ದಿನದಲ್ಲಿ ಇಳಿಯುತ್ತದೆ. ರಕ್ತ ಒಂದೆರಡು ವಾರ ತೆಗೆದುಕೊಳ್ಳುತ್ತದೆ. ಕೋವಿಡ್‌ನ ಮಬ್ಬು ಸುಮಾರು ಹತ್ತನೇ ದಿನಕ್ಕೆ ತುದಿ ಮುಟ್ಟಿ, ಇಳಿಯಲು ವಾರಗಳು, ಕೆಲವರಲ್ಲಿ ತಿಂಗಳುಗಳೇ ಹಿಡಿದವು. ತಿಂಗಳುಗಳಾದರೂ ಕದಲದ ಮಬ್ಬಿನೊಳಗೆ ಶ್ವಾಸನಾಳಗಳು ಅಂಕುಡೊಂಕಾಗಿ ಎಳೆದು ಹಿಗ್ಗಿದ್ದರೆ, ಅಲ್ಲಿರುವುದು ಉರಿಯೂತವಲ್ಲ, ಕಣ್ಣಿಗೆ ಕಾಣದಷ್ಟು ಸೂಕ್ಷ್ಮವಾದ ಕಲೆ. ಸ್ಟೀರಾಯ್ಡ್ ಕೊಟ್ಟರೆ ಕರಗುತ್ತದೆ ಎಂಬ ನಿರೀಕ್ಷೆ ಅಲ್ಲಿ ಬೇಡ.

ಒಂಟಿಯಾಗಿ, ದುಂಡಗೆ ಉಳಿದುಬಿಡುವ ಮಬ್ಬು ಗಂಟು ಬೇರೆಯೇ ಜಾತಿ. ಜ್ವರವಿಲ್ಲ, ಕೆಮ್ಮಿಲ್ಲ, ಬೇರೇನಕ್ಕೋ ತೆಗೆದ ಸ್ಕ್ಯಾನಿನಲ್ಲಿ ಸಿಗುತ್ತದೆ. ಸೋಂಕಿನದ್ದಾದರೆ ಕೆಲವು ತಿಂಗಳಲ್ಲಿ ಹೋಗುತ್ತದೆ. ಹೋಗದೆ ಉಳಿದರೆ ಅದು ಗಾಳಿಚೀಲದ ಗೋಡೆಗುಂಟ ಹರಡುತ್ತಾ ಬಹಳ ನಿಧಾನವಾಗಿ ಬೆಳೆಯುವ ಕ್ಯಾನ್ಸರ್‌ನ ಮೊದಲ ಹಂತವಿರಬಹುದು. ಫ್ಲೀಷ್ನರ್ ಸೊಸೈಟಿಯ 2017ರ ಸಲಹೆಯಂತೆ 6 ಮಿ.ಮೀ. ಅಥವಾ ಅದಕ್ಕಿಂತ ದೊಡ್ಡದಾದ, ಪೂರ್ತಿ ಮಬ್ಬಾದ ಒಂಟಿ ಗಂಟನ್ನು 6 ರಿಂದ 12 ತಿಂಗಳ ನಂತರ ಒಂದು ಸಲ ನೋಡಿ, ಉಳಿದಿದ್ದರೆ ಎರಡು ವರ್ಷಕ್ಕೊಮ್ಮೆಯಂತೆ ಐದು ವರ್ಷದವರೆಗೆ ನೋಡಬೇಕು. ಒಳಗೆ ಗಟ್ಟಿ ಭಾಗ ಕಾಣಿಸಿಕೊಂಡರೆ ಇಷ್ಟು ಕಾಯುವಂತಿಲ್ಲ. ಇದರಲ್ಲಿ ಪೆಟ್ ಸ್ಕ್ಯಾನ್ ನೆಚ್ಚಿ ಕೂರಬಾರದು, ಪೂರ್ತಿ ಮಬ್ಬಿನ ಗಂಟುಗಳು ಅದರಲ್ಲಿ ಬೆಳಗುವುದೇ ಕಡಿಮೆ.

8. ಅಂಕ ಕೇಳಬೇಡಿ

ಎರಡನೇ ಅಲೆಯಲ್ಲಿ “ಸ್ಕೋರ್ ಎಷ್ಟು?” ಎಂಬುದು ಕುಶಲ ಪ್ರಶ್ನೆಯಂತಾಗಿತ್ತು. ಶ್ವಾಸಕೋಶದ ಐದು ಹಾಲೆಗಳಿಗೆ ತಲಾ 5ರಂತೆ ಒಟ್ಟು 25. ಒಂದು ಹಾಲೆಯ ಶೇಕಡಾ 5ಕ್ಕಿಂತ ಕಡಿಮೆ ಹಾಳಾಗಿದ್ದರೆ 1, ಮುಕ್ಕಾಲಿಗಿಂತ ಹೆಚ್ಚಾಗಿದ್ದರೆ 5. ಈ ಅಂಕ ಹರಡಿದ ವಿಸ್ತಾರವನ್ನು ಅಳೆಯುತ್ತದೆ, ತುಂಬಿದ ಪ್ರಮಾಣವನ್ನಲ್ಲ. ತೆಳು ಮಬ್ಬಿಗೂ, ನಾಳಗಳೇ ಮುಳುಗಿದ ಗಟ್ಟಿ ಭಾಗಕ್ಕೂ ಅದೇ ಅಂಕ. ಮೂರನೇ ದಿನದ 8 ಏರುತ್ತಿರುವ 8, ಹದಿನೈದನೇ ದಿನದ 8 ಇಳಿಯುತ್ತಿರುವ 8. ದಿನ ಬರೆಯದ ಅಂಕದಿಂದ ಏನೂ ತಿಳಿಯದು. ಮೊದಲೆರಡು ದಿನದಲ್ಲಿ ಸ್ಕ್ಯಾನ್ ಪೂರ್ತಿ ಸರಿ ಇದ್ದವರೂ ವಾರ ಕಳೆಯುವುದರೊಳಗೆ ಐ.ಸಿ.ಯು. ಸೇರಿದ್ದುಂಟು. ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಇದಕ್ಕಿಂತ ಹೆಚ್ಚಿನದನ್ನು ಹೇಳುತ್ತಿತ್ತು.

9. ನನಗೆ ಬೇಕಾದದ್ದು

ಇದು ಓದುಗರಿಗೆ ನೇರವಾಗಿ. ಎದೆಯ ಸ್ಕ್ಯಾನಿಗೆ ಬರುವಾಗ ಹಳೆಯ ಸ್ಕ್ಯಾನಿನ ವರದಿಯನ್ನಷ್ಟೇ ಅಲ್ಲ, ಸಿ.ಡಿ. ಅಥವಾ ಫಿಲ್ಮುಗಳನ್ನೂ ತನ್ನಿ. ಮೂರು ವರ್ಷದ ಹಿಂದೆ ಇದೇ ಜಾಗದಲ್ಲಿ ಇದೇ ಮಬ್ಬು ಇತ್ತೇ ಎಂಬುದನ್ನು ಬೇರೆ ಯಾವ ಪರೀಕ್ಷೆಯೂ ಹೇಳಲಾರದು. ನೀವು ನುಂಗುವ ಎಲ್ಲ ಮಾತ್ರೆಗಳ ಚೀಟಿ ತನ್ನಿ. ಜ್ವರ ಶುರುವಾಗಿ ಎಷ್ಟು ದಿನವಾಯಿತು, ಕಫದಲ್ಲಿ ರಕ್ತ ಬಂತೇ, ಏನು ಕೆಲಸ ಮಾಡುತ್ತೀರಿ, ಮನೆಯ ಸುತ್ತ ಹಕ್ಕಿಗಳಿವೆಯೇ, ಇಷ್ಟನ್ನು ಕೌಂಟರಿನಲ್ಲಿ ಯಾರೂ ಕೇಳದಿದ್ದರೂ ಹೇಳಿ, ಚೀಟಿಯಲ್ಲಿ ಬರೆಸಿ. ಚೀಟಿ ಬರೆಯುವ ವೈದ್ಯ ಮಿತ್ರರಲ್ಲೂ ಇದೇ ಕೋರಿಕೆ. ‘ಎದೆಯ ಸಿ.ಟಿ.’ ಎಂದಷ್ಟೇ ಬರೆದು ಕಳಿಸಿದರೆ ನಾನು ‘ಎರಡೂ ಕಡೆ ಗ್ರೌಂಡ್ ಗ್ಲಾಸ್’ ಎಂದಷ್ಟೇ ಬರೆದು ಕಳಿಸಬೇಕಾಗುತ್ತದೆ. ಎರಡು ಸಾಲು ಹೆಚ್ಚು ಬರೆಯಿರಿ.